ಶಾರ್ಪ್‌ನೆಸ್ ಇಳಿಸಿದಾಗ ಕಾಣುವ ಚಿತ್ರ

ಯಾವುದಾದರೂ ಕನ್ನಡ ಸುದ್ದಿವಾಹಿನಿ ಹಾಕಿ, ಟಿವಿಯಿಂದ ಒಂದು ಮೊಳದಷ್ಟು ದೂರದಲ್ಲಿ ನಿಂತು, ಪರದೆಯ ಕೆಳಗಡೆ ನಿಶ್ಚಲವಾಗಿ ನಿಂತಿರುವ ಶೀರ್ಷಿಕೆಯನ್ನು ನೋಡಿ. ಕೆಂಪು ಪಟ್ಟಿಯ ಮೇಲೆ ಬಿಳಿ ಅಕ್ಷರಗಳಿದ್ದರೆ ಇನ್ನೂ ಒಳ್ಳೆಯದು. ಬಹಳಷ್ಟು ಮನೆಗಳ ಟಿವಿಯಲ್ಲಿ ಆ ಬಿಳಿ ಅಕ್ಷರದ ಸುತ್ತ ಕೆಂಪು ಬಣ್ಣ ಏಕರೂಪವಾಗಿ ಇರುವುದಿಲ್ಲ. ಅಕ್ಷರಕ್ಕೆ ತಾಗಿಕೊಂಡೇ ಒಂದು ತೆಳುವಾದ ಗಾಢ ಗೆರೆ ಇರುತ್ತದೆ, ಯಾರೋ ಪೆನ್ಸಿಲ್ಲಿನಿಂದ ತಿದ್ದಿದ ಹಾಗೆ. ‘ಣ’, ‘ಈ’, ‘ಕ್ಷ್ಮಿ’ಯಂಥ ಅಕ್ಷರಗಳಲ್ಲಿ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ನಮ್ಮ ಲಿಪಿಯ ಸುರುಳಿಗಳ ನಡುವೆ ಇರುವ ಜಾಗವೇ ಸ್ವಲ್ಪ. ಎರಡೂ ಕಡೆಯಿಂದ ಬಂದ ಗಾಢ ಗೆರೆಗಳು ಒಂದಕ್ಕೊಂದು ಸೇರಿ ಆ ಜಾಗವೆಲ್ಲ ಕಪ್ಪಾಗಿ ಕಾಣುತ್ತದೆ. ಈಗ ರಿಮೋಟ್ ತೆಗೆದುಕೊಂಡು Picture ಸೆಟ್ಟಿಂಗಿನಲ್ಲಿ Sharpness ಅನ್ನು ನಿಧಾನವಾಗಿ ಇಳಿಸುತ್ತಾ ಬನ್ನಿ. ಗೆರೆ ಮಂಕಾಗುತ್ತಾ ಬಂದು, ಒಂದು ಹಂತದಲ್ಲಿ ಮಾಯವಾಗುತ್ತದೆ. ಅಕ್ಷರದ ಒಳಗಿನ ಕೆಂಪು ಮತ್ತೆ ಕೆಂಪಾಗುತ್ತದೆ.

ಆ ಗೆರೆ ಸ್ಟುಡಿಯೋದಿಂದ ಹೊರಟ ಚಿತ್ರದಲ್ಲಿ ಇರಲೇ ಇಲ್ಲ. ಅದನ್ನು ಹುಟ್ಟಿಸಿದ್ದು ನಮ್ಮ ಮನೆಯ ಟಿವಿ. ಶಾರ್ಪ್‌ನೆಸ್ ಎಂಬ ಹೆಸರು ನೋಡಿದವರು ಅದನ್ನು ಹೆಚ್ಚಿಸಿದಷ್ಟೂ ಹೆಚ್ಚು ವಿವರ ಕಾಣುತ್ತದೆ ಎಂದುಕೊಳ್ಳುವುದು ಸಹಜ. ಆದರೆ ಒಂದು ಮಿತಿ ದಾಟಿದ ಮೇಲೆ ಅದು ನಿಜವಾದ ವಿವರವನ್ನು ಮುಚ್ಚುತ್ತದೆ. ಅದರ ಜೊತೆಗಾರನಾದ Noise Reduction ಇನ್ನೊಂದು ಕಡೆಯಿಂದ ಅದೇ ವಿವರವನ್ನು ಒರೆಸುತ್ತದೆ. ಈ ಎರಡೂ ಸೇರಿ ಏನು ಮಾಡುತ್ತವೆ ಎಂಬುದು ಒಮ್ಮೆ ತಿಳಿದರೆ, ರಿಮೋಟಿನಲ್ಲಿ ಯಾವುದನ್ನು ಎಷ್ಟು ಇಳಿಸಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ.

ಶಾರ್ಪ್‌ನೆಸ್ ಗುಂಡಿ ಟಿವಿಗೆ ಬಂದದ್ದಕ್ಕೆ ಒಳ್ಳೆಯ ಕಾರಣವೇ ಇತ್ತು. ನಮ್ಮ ದೂರದರ್ಶನಕ್ಕೆ 1982ರಲ್ಲಿ ಬಣ್ಣ ಬಂದಾಗ ಬಳಸಿದ್ದು ಪಾಲ್ ಪದ್ಧತಿ. ಅದರಲ್ಲಿ ಚಿತ್ರದ ಬೆಳಕು–ನೆರಳಿನ ಮಾಹಿತಿಗೆ ಸಿಗುತ್ತಿದ್ದದ್ದು ಸುಮಾರು 5 ಮೆಗಾಹರ್ಟ್ಸ್ ಅಗಲದ ದಾರಿ. ಬಣ್ಣದ ಮಾಹಿತಿಯೂ ಅದೇ ದಾರಿಯಲ್ಲಿ, 4.43 ಮೆಗಾಹರ್ಟ್ಸ್ ಹತ್ತಿರ, ಬರುತ್ತಿತ್ತು. ಚಿತ್ರದ ಸೂಕ್ಷ್ಮ ವಿವರ ಇರುತ್ತಿದ್ದದ್ದೂ ಆ ಕೊನೆಯಲ್ಲೇ. ಬಣ್ಣವನ್ನು ಬೇರ್ಪಡಿಸಲು ಟಿವಿ ಅಲ್ಲಿ ಕತ್ತರಿ ಹಾಕಿದಾಗ ಸೂಕ್ಷ್ಮ ವಿವರದ ಒಂದು ಪಾಲೂ ಹೋಗುತ್ತಿತ್ತು. ಚಾವಣಿಯ ಮೇಲಿನ ಆಂಟೆನಾ, ಅದರಿಂದ ಇಳಿದ ಉದ್ದನೆಯ ವೈರು, ಇವುಗಳಿಂದಾಗಿ ಉಳಿದದ್ದೂ ಸೊರಗುತ್ತಿತ್ತು. ಹಾಗೆ ಸೊರಗಿದ ಭಾಗಕ್ಕೆ ಸ್ವಲ್ಪ ಬಲ ತುಂಬುವುದು ಶಾರ್ಪ್‌ನೆಸ್ಸಿನ ಕೆಲಸವಾಗಿತ್ತು. ಪಿಕ್ಚರ್ ಟ್ಯೂಬಿನ ಕಾಲದಲ್ಲಿ ಅದು ನಿಜಕ್ಕೂ ಉಪಕಾರಿ.

ಇಂದು ಎಚ್‌ಡಿಎಂಐ ಕೇಬಲ್ಲಿನಲ್ಲೋ ಟಿವಿಯೊಳಗಿನ ಆ್ಯಪ್‌ನಲ್ಲೋ ಬರುವ ಚಿತ್ರದಲ್ಲಿ ಪ್ರತಿ ಚುಕ್ಕಿಯ ಬೆಲೆಯೂ ಅಂಕಿಯಾಗಿ ಬರುತ್ತದೆ. ದಾರಿಯಲ್ಲಿ ಸೊರಗುವ ಪ್ರಶ್ನೆ ಇಲ್ಲ. ವಾಹಿನಿಯವರು ಚಿತ್ರವನ್ನು ಒತ್ತಿ ಚಿಕ್ಕದು ಮಾಡುವಾಗ ಕಳೆದುಹೋಗುವ ವಿವರ ಇದೆ, ನಿಜ. ಆದರೆ ಅದು ಸೊರಗಿದ್ದಲ್ಲ, ಎಸೆದುಬಿಟ್ಟದ್ದು. ಎಸೆದದ್ದನ್ನು ಗುಂಡಿ ತಿರುಗಿಸಿ ತರಲಾಗುವುದಿಲ್ಲ. ಗುಂಡಿ ಮಾತ್ರ ಉಳಿದುಕೊಂಡಿದೆ, ಹಲವು ಟಿವಿಗಳಲ್ಲಿ ಕಾರ್ಖಾನೆಯಿಂದ ಬರುವಾಗಲೇ ಏರಿಸಿಟ್ಟಿರುತ್ತದೆ. ಅಂಗಡಿಯ ಗೋಡೆಯಲ್ಲಿ ಹತ್ತಾರು ಟಿವಿಗಳು ಒಟ್ಟಿಗೆ ಉರಿಯುವಾಗ ಅಂಚು ಕಡುವಾಗಿರುವ ಟಿವಿಯೇ ಮೊದಲು ಕಣ್ಣು ಸೆಳೆಯುತ್ತದೆಯಲ್ಲ.

ಹಾಗಾದರೆ ಗುಂಡಿ ಏರಿಸಿದಾಗ ಒಳಗೆ ನಡೆಯುವುದೇನು? ಟಿವಿ ಮೊದಲು ಚಿತ್ರದ ಒಂದು ಮಸುಕು ಪ್ರತಿ ಮಾಡಿಕೊಳ್ಳುತ್ತದೆ. ಮೂಲದಿಂದ ಆ ಮಸುಕು ಪ್ರತಿಯನ್ನು ಕಳೆಯುತ್ತದೆ. ಸಿಕ್ಕಿದ ವ್ಯತ್ಯಾಸವನ್ನು ಮೂಲಕ್ಕೆ ಮತ್ತೆ ಕೂಡುತ್ತದೆ. ತಯಾರಕರು ಇದಕ್ಕೆ ಹಲವು ರೂಪ ಕೊಟ್ಟಿದ್ದಾರೆ, ಆದರೆ ತಿರುಳು ಇದೇ. ಒಂದು ಸಾಲಿನಲ್ಲಿ ಆರು ಪಿಕ್ಸೆಲ್‌ಗಳಿವೆ ಎಂದುಕೊಳ್ಳಿ. 0 ಅಂದರೆ ಕಪ್ಪು, 255 ಅಂದರೆ ಅಚ್ಚ ಬಿಳುಪು. ಗೋಡೆಯ ನೆರಳು ಮುಗಿದು ಬಿಸಿಲು ಶುರುವಾಗುವ ಜಾಗ ಇದು:

```
ಮೂಲ       50   50   50  150  150  150
ಮಸುಕು     50   50   83  117  150  150
ವ್ಯತ್ಯಾಸ     0    0  -33  +33    0    0
ಫಲಿತಾಂಶ   50   50   17  183  150  150
```

ಮಸುಕು ಸಾಲಿನಲ್ಲಿ ಪ್ರತಿ ಪಿಕ್ಸೆಲ್‌ಗೂ ಅದರ ಮತ್ತು ಅಕ್ಕಪಕ್ಕದ ಎರಡರ ಸರಾಸರಿ ಇದೆ. ಕೊನೆಯ ಸಾಲನ್ನು ಗಮನಿಸಿ. ನೆರಳು ಮೊದಲಿದ್ದ ಹಾಗೆ 50 ಇದೆ, ಬಿಸಿಲು 150 ಇದೆ. ಆದರೆ ಎರಡೂ ಸೇರುವ ಕಡೆ ನೆರಳಿಗಿಂತ ಕಪ್ಪಾದ 17, ಬಿಸಿಲಿಗಿಂತ ಬೆಳ್ಳಗಿನ 183 ಹುಟ್ಟಿಕೊಂಡಿವೆ. ಗೋಡೆಯಲ್ಲಿ ಅಂಥ ಕಪ್ಪೂ ಇಲ್ಲ, ಅಂಥ ಬಿಳುಪೂ ಇಲ್ಲ. ಸುದ್ದಿಯ ಅಕ್ಷರದ ಸುತ್ತ ಕಂಡ ಗೆರೆ ಇದೇ. ಹಾಲೋ ಎಂದು ಕರೆಯುವುದೂ ಇದನ್ನೇ. ಗೋಡೆಯ ಬಗ್ಗೆ ಒಂದೇ ಒಂದು ಹೊಸ ಮಾಹಿತಿಯೂ ಈ ಲೆಕ್ಕದಿಂದ ಬಂದಿಲ್ಲ. ಅಂಚಿನ ಎರಡು ಪಿಕ್ಸೆಲ್‌ಗಳಲ್ಲಿದ್ದ ನಿಜವಾದ ಬೆಲೆ ಹೋಗಿದೆ, ಅಷ್ಟೆ.

ಆದರೂ ಅದು ನಮಗೆ ಹರಿತವಾಗಿ ಕಾಣುತ್ತದೆ. ಇದಕ್ಕೆ ಕಾರಣ ನಮ್ಮ ಕಣ್ಣಿನಲ್ಲೇ ಇದೆ. ಬೆಳಕಿನ ಮಟ್ಟ ಬದಲಾಗುವ ಕಡೆ ಕಣ್ಣು ತಾನೇ ಕಪ್ಪು–ಬಿಳಿ ಪಟ್ಟಿಗಳನ್ನು ಸೇರಿಸಿ ನೋಡುತ್ತದೆ ಎಂಬುದನ್ನು ಆಸ್ಟ್ರಿಯಾದ ವಿಜ್ಞಾನಿ ಅರ್ನ್ಸ್ಟ್ ಮಾಖ್ 1865ರಲ್ಲೇ ವಿವರಿಸಿದ್ದರು. ಅಕ್ಷಿಪಟಲದ ಕೋಶಗಳು ಪಕ್ಕದ ಕೋಶಗಳ ಸಂಕೇತವನ್ನು ತಗ್ಗಿಸುವುದರಿಂದ ಹೀಗಾಗುತ್ತದೆ. ಅಂದರೆ ಅಂಚನ್ನು ಎತ್ತಿ ತೋರಿಸುವ ಕೆಲಸವನ್ನು ಕಣ್ಣು ಹೇಗೂ ಮಾಡುತ್ತದೆ. ಟಿವಿ ಅದನ್ನು ಮೊದಲೇ ಮಾಡಿ ಕಳಿಸಿದರೆ ಅಂಚಿಗೆ ಎರಡು ಸಲ ಒತ್ತು ಬಿದ್ದಂತಾಗುತ್ತದೆ. ಮೊದಲ ನೋಟಕ್ಕೆ ಹಿತವೆನಿಸಿದ್ದು, ಒಂದು ಸಿನಿಮಾ ಪೂರ್ತಿ ನೋಡುವ ಹೊತ್ತಿಗೆ ಕಣ್ಣಿಗೆ ಒರಟಾಗಿ ತಾಗುತ್ತದೆ.

ಬೆಳ್ಳಗಿನ ವಸ್ತುಗಳಲ್ಲಿ ನಷ್ಟ ಇನ್ನೂ ಜಾಸ್ತಿ. ಬಿಸಿಲಿನಲ್ಲಿ ನಿಂತವರ ಬಿಳಿ ಪಂಚೆಯ ನೆರಿಗೆಗಳು 225, 240, 230, 245 ಹೀಗೆ ಹತ್ತಿರ ಹತ್ತಿರದ ಬೆಲೆಗಳಲ್ಲಿರುತ್ತವೆ. ಪಂಚೆಯ ಅಂಚಿನ ಹಿಂದೆ ಕಪ್ಪು ಬಾಗಿಲಿದ್ದರೆ ಟಿವಿ ಆ ಅಂಚಿನ ಪಿಕ್ಸೆಲ್‌ಗಳಿಗೆ 60, 70ರಷ್ಟು ಕೂಡಿಸುತ್ತದೆ. ಉತ್ತರ 255 ದಾಟುತ್ತದೆ, ಪರದೆಗೆ ಅದರ ಮೇಲೆ ಹೋಗಲಾಗದು. ಎಲ್ಲವೂ 255ಕ್ಕೇ ನಿಂತು, ಅಂಚಿನ ನೆರಿಗೆಗಳು ಒಂದು ಸಪಾಟಾದ ಬಿಳಿ ಪಟ್ಟಿಯಾಗುತ್ತವೆ. ಅಂಚು ಎದ್ದು ಕಂಡಿತು, ಬಟ್ಟೆ ಕಾಣೆಯಾಯಿತು. ಮುಡಿದ ಮಲ್ಲಿಗೆಯ ಎಸಳು, ನರೆತ ಕೂದಲು, ಎಲೆಗಳ ನಡುವಿನಿಂದ ಇಣುಕುವ ಆಕಾಶ, ಇವೆಲ್ಲ ಇದೇ ರೀತಿ ಕೆಡುತ್ತವೆ.

ಇನ್ನು ನಾಯ್ಸ್ ಎಂಬ ಇನ್ನೊಂದು ಸಂಗತಿ. ಕ್ಯಾಮೆರಾದಿಂದ ಬಂದ ಯಾವ ಚಿತ್ರದಲ್ಲೂ, ಮುಖ್ಯವಾಗಿ ಮಂದ ಬೆಳಕಿನಲ್ಲಿ ತೆಗೆದದ್ದರಲ್ಲಿ, ಸಣ್ಣ ಏರಿಳಿತಗಳು ಇರುತ್ತವೆ. ಎಲ್ಲವೂ 100 ಇರಬೇಕಾದ ಕಡೆ ಒಂದು ಪಿಕ್ಸೆಲ್ ಮಾತ್ರ 104 ಆಗಿದೆ ಎನ್ನಿ. ಇದು ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ಮೇಲಿನ ಲೆಕ್ಕವನ್ನೇ ಇಲ್ಲೂ ಹಾಕಿದರೆ ಸರಾಸರಿ ಸುಮಾರು 101, ವ್ಯತ್ಯಾಸ ಸುಮಾರು 3, ಫಲಿತಾಂಶ 107ರ ಹತ್ತಿರ; ಪಕ್ಕದ ಎರಡು ಪಿಕ್ಸೆಲ್‌ಗಳು 99ಕ್ಕೆ ಇಳಿದಿರುತ್ತವೆ. 4ರಷ್ಟಿದ್ದ ತಪ್ಪು ಈಗ 8ರಷ್ಟು ಎದ್ದು ಕಾಣುತ್ತಿದೆ. ಶಾರ್ಪ್‌ನೆಸ್ಸಿಗೆ ಗೋಡೆಯ ಅಂಚೂ ಒಂದೇ, ನಾಯ್ಸೂ ಒಂದೇ. ಎರಡನ್ನೂ ಎತ್ತಿ ಹಿಡಿಯುತ್ತದೆ. ರಾತ್ರಿಯ ದೃಶ್ಯಗಳಲ್ಲಿ ಗೋಡೆ, ಆಕಾಶಗಳ ಮೇಲೆ ಇರುವೆಗಳು ಹರಿದಾಡಿದಂತೆ ಕಾಣಲು ಇದು ದೊಡ್ಡ ಕಾರಣ.

ಆಗ ನೋಡುವವರು ಮಾಡುವುದೇನು? Noise Reduction ಎಂಬುದನ್ನು Medium, High ಎಂದು ಏರಿಸುತ್ತಾರೆ. ಚಿತ್ರ ನಯವಾಗುತ್ತದೆ, ಜೊತೆಗೆ ಸ್ವಲ್ಪ ಮಸುಕೂ ಆಗುತ್ತದೆ. ಮಸುಕಾಯಿತೆಂದು ಶಾರ್ಪ್‌ನೆಸ್ ಇನ್ನಷ್ಟು ಏರುತ್ತದೆ. ಒಂದು ಗುಂಡಿಯ ಕೆಡುಕನ್ನು ಇನ್ನೊಂದರಿಂದ ಮುಚ್ಚುತ್ತಾ ಹೋಗಿ, ಕೊನೆಗೆ ಅಂಚು ಮಾತ್ರ ಕಡುವಾಗಿದ್ದು ನಡುವೆ ಎಲ್ಲವೂ ಮೇಣದಂತಿರುವ ಚಿತ್ರ ಉಳಿಯುತ್ತದೆ. ಮುಖದ ಹುಬ್ಬು ಒಂದೊಂದು ಕೂದಲೂ ಎಣಿಸುವಂತಿರುತ್ತದೆ, ಕೆನ್ನೆಯಲ್ಲಿ ಮಾತ್ರ ಚರ್ಮ ಇರುವುದಿಲ್ಲ.

ನಾಯ್ಸ್ ಕಡಿಮೆ ಮಾಡಲು ಟಿವಿಗೆ ಎರಡು ದಾರಿಗಳಿವೆ. ಒಂದು, ಒಂದೇ ಫ್ರೇಮಿನೊಳಗೆ ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ಹೋಲಿಸುವುದು. ವ್ಯತ್ಯಾಸ ದೊಡ್ಡದಿದ್ದರೆ ಅದು ಅಂಚು ಎಂದು ಬಿಡುತ್ತದೆ. ಸಣ್ಣದಿದ್ದರೆ ನಾಯ್ಸ್ ಎಂದು ಸವರಿಬಿಡುತ್ತದೆ. ಜರಡಿಗೆ ಗಾತ್ರವೊಂದೇ ಗೊತ್ತು, ಕಣ್ಣಿಯಿಂದ ಬಿದ್ದದ್ದು ಧೂಳೋ ಹಿಟ್ಟೋ ಅದಕ್ಕೆ ತಿಳಿಯದು. ಕೆನ್ನೆಯ ರಂಧ್ರ, ಹತ್ತಿ ಸೀರೆಯ ನೇಯ್ಗೆ, ಸುಣ್ಣದ ಗೋಡೆಯ ಒರಟು, ಇವುಗಳ ಏರಿಳಿತವೂ ನಾಯ್ಸಿನಷ್ಟೇ ಸಣ್ಣದು. ಎರಡೂ ಒಟ್ಟಿಗೆ ಹೋಗುತ್ತವೆ.

ಇನ್ನೊಂದು ದಾರಿ ಸ್ವಲ್ಪ ಬುದ್ಧಿವಂತಿಕೆಯದು. ಹಿಂದಿನ ಕೆಲವು ಫ್ರೇಮುಗಳನ್ನು ನೆನಪಿಟ್ಟುಕೊಂಡು ಸರಾಸರಿ ತೆಗೆಯುವುದು. ನಾಯ್ಸ್ ಪ್ರತಿ ಫ್ರೇಮಿಗೂ ಬೇರೆ ಬೇರೆ, ವಸ್ತು ಮಾತ್ರ ಅಲ್ಲೇ ಇರುತ್ತದೆ. ನಾಲ್ಕು ಫ್ರೇಮುಗಳ ಸರಾಸರಿ ತೆಗೆದರೆ ನಾಯ್ಸ್ ಅರ್ಧಕ್ಕೆ ಇಳಿಯುತ್ತದೆ. ನಿಂತ ಚಿತ್ರಕ್ಕೆ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ತೊಂದರೆ ಶುರುವಾಗುವುದು ಚಲನೆಯಿದ್ದಾಗ. ಕ್ರಿಕೆಟ್ ಪಂದ್ಯದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಚೆಂಡು ಬೌಂಡರಿ ಕಡೆ ಓಡುತ್ತದೆ, ಕ್ಯಾಮೆರಾ ಅದರ ಹಿಂದೆ ತಿರುಗುತ್ತದೆ. ಆಗ ಚೆಂಡನ್ನು ಬಿಟ್ಟು ಹುಲ್ಲನ್ನು ಗಮನಿಸಿ. ನಾಯ್ಸ್ ರಿಡಕ್ಷನ್ ಏರಿಸಿಟ್ಟ ಟಿವಿಯಲ್ಲಿ ಹುಲ್ಲು ಒಂದೇ ಹಸಿರು ಬಣ್ಣ ಬಳಿದ ನೆಲವಾಗುತ್ತದೆ. ಕ್ಯಾಮೆರಾ ನಿಂತ ಕ್ಷಣಕಾಲದ ನಂತರ ಹುಲ್ಲು ಮತ್ತೆ ಮೂಡುತ್ತದೆ. ಹುಲ್ಲಿನ ಎಸಳುಗಳ ನಡುವೆ ಬೆಳಕಿನ ವ್ಯತ್ಯಾಸ ಅತಿ ಕಡಿಮೆ. ಅದು ಚಲಿಸುತ್ತಿದೆಯೋ ನಾಯ್ಸ್ ಕುಣಿಯುತ್ತಿದೆಯೋ ಎಂದು ಟಿವಿಗೆ ನಿರ್ಧರಿಸಲು ಆಗದೆ, ಸರಾಸರಿ ತೆಗೆದು ಕಲೆಸಿಬಿಡುತ್ತದೆ. ವೇಗದ ಪಂದ್ಯದಲ್ಲಿ ವಾಹಿನಿಯ ಕಂಪ್ರೆಶನ್ ಕೂಡ ಹುಲ್ಲನ್ನು ಸ್ವಲ್ಪ ತಿನ್ನುತ್ತದೆ ಎಂಬುದು ನಿಜ. ಯಾವುದು ಯಾರ ಪಾಲು ಎಂದು ತಿಳಿಯಬೇಕಿದ್ದರೆ ಗುಂಡಿಯನ್ನು Off ಮಾಡಿ, ಅಂಥದೇ ಇನ್ನೊಂದು ಹೊಡೆತ ಬರುವವರೆಗೆ ಕಾಯಿರಿ. ಮರಳಿ ಬಂದ ಹುಲ್ಲಷ್ಟೂ ಟಿವಿ ಅಳಿಸಿದ್ದು.

ಹಳೆಯ ಸಿನಿಮಾಗಳ ವಿಚಾರಕ್ಕೆ ಬಂದರೆ ಈ ನಷ್ಟ ನನಗೆ ನಿಜಕ್ಕೂ ನೋವು ಕೊಡುತ್ತದೆ. ಫಿಲ್ಮ್ ರೀಲಿನಲ್ಲಿ ಚಿತ್ರದ ಮೇಲೆ ಗ್ರೇನ್ ಬಂದು ಕೂತಿರುವುದಲ್ಲ, ಚಿತ್ರ ಆಗಿರುವುದೇ ಗ್ರೇನಿನಿಂದ. ಕಪ್ಪು–ಬಿಳುಪು ಫಿಲ್ಮಿನಲ್ಲಿ ಅದು ಬೆಳಕಿಗೆ ಸ್ಪಂದಿಸಿದ ಬೆಳ್ಳಿಯ ಕಣ. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವನ್ನು ಪುನರುಜ್ಜೀವನಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಎಸ್. ರಾಮಚಂದ್ರ ಅವರ ಕ್ಯಾಮೆರಾ ಕಂಡ ಮಲೆನಾಡ ಮನೆಯ ಅರೆಗತ್ತಲೆ, ಮರದ ಕಂಬ, ಮುಖಗಳ ಮೇಲಿನ ಮಂದ ಬೆಳಕು ಎಲ್ಲವೂ ಆ ಕಣಗಳಲ್ಲೇ ಇದೆ. ಇಂಥ ಚಿತ್ರವನ್ನು ನಾಯ್ಸ್ ರಿಡಕ್ಷನ್ ಏರಿಸಿದ ಟಿವಿಯಲ್ಲಿ ಹಾಕಿದರೆ ಟಿವಿ ಗ್ರೇನನ್ನು ಕೊಳೆಯೆಂದು ತಿಳಿದು ಉಜ್ಜಲು ಹೊರಡುತ್ತದೆ. ಗ್ರೇನ್ ಜೊತೆಗೆ ಮರದ ಎಳೆಯೂ ಹೋಗುತ್ತದೆ.

ಗ್ರೇನ್ ಇದ್ದರೆ ವಿವರ ಮುಚ್ಚಿಹೋಗುವುದಿಲ್ಲವೇ ಎಂದು ಕೇಳಬಹುದು. ಒಂದೇ ಫ್ರೇಮನ್ನು ನಿಲ್ಲಿಸಿ ನೋಡಿದರೆ ಹೌದು, ಗಲೀಜಾಗಿಯೇ ಕಾಣುತ್ತದೆ. ಓಡಲು ಬಿಟ್ಟು ನೋಡಿ. ಸೆಕೆಂಡಿಗೆ 24 ಫ್ರೇಮುಗಳಲ್ಲಿ ಗ್ರೇನ್ ಪ್ರತಿ ಸಲವೂ ಬೇರೆ ಜಾಗದಲ್ಲಿ ಇರುತ್ತದೆ, ಕಂಬದ ಎಳೆ ಮಾತ್ರ ಅದೇ ಜಾಗದಲ್ಲಿ ಇರುತ್ತದೆ. ಕಣ್ಣು ಮತ್ತು ಮೆದುಳು ಈ ಫ್ರೇಮುಗಳನ್ನು ತಾವೇ ಕೂಡಿಸಿಕೊಂಡು, ನಿಂತದ್ದನ್ನು ಉಳಿಸಿಕೊಂಡು ಕುಣಿಯುವುದನ್ನು ಹಿಂದೆ ಸರಿಸುತ್ತವೆ. ಟಿವಿ ಮಾಡಲು ಹೋಗುವ ಸರಾಸರಿಯನ್ನು ನಾವೇ ಮಾಡುತ್ತಿದ್ದೇವೆ, ಅದೂ ಯಾವುದು ಮುಖ, ಯಾವುದು ಮರ ಎಂಬ ತಿಳಿವಳಿಕೆಯೊಂದಿಗೆ. ನಾಯ್ಸ್ ರಿಡಕ್ಷನ್ ತೆಗೆದ ಮೇಲೆ ಹಳೆಯ ಚಿತ್ರದಲ್ಲಿ ‘ಇದು ಮೊದಲು ಕಂಡಿರಲಿಲ್ಲವಲ್ಲ’ ಎನಿಸುವ ವಿವರ ಕಾಣಲು ಕಾರಣ ಇದು. ಡಿಸ್ಕ್ ಮಾಡುವಾಗಲೇ ಗ್ರೇನ್ ಉಜ್ಜಿದರೆ ಏನಾಗುತ್ತದೆ ಎಂಬುದಕ್ಕೆ ಹಾಲಿವುಡ್ಡಿನ ‘ಪ್ರಿಡೇಟರ್’ ಚಿತ್ರದ 2010ರ ಬ್ಲೂ–ರೇ ಆವೃತ್ತಿ ಹೆಸರುವಾಸಿ ಉದಾಹರಣೆ. ಅದರಲ್ಲಿ ನಟರ ಮುಖಗಳು ಮೇಣದ ಗೊಂಬೆಗಳಂತಾಗಿವೆ ಎಂದು ವೀಕ್ಷಕರು ಬಹಳ ಟೀಕಿಸಿದರು.

ಸಿನಿಮಾ ಮಂದಿಯೂ ಈ ಬಗ್ಗೆ ಸುಮ್ಮನಿರಲಿಲ್ಲ. 2019ರಲ್ಲಿ ಯುಎಚ್‌ಡಿ ಅಲೈಯನ್ಸ್ ಎಂಬ ಒಕ್ಕೂಟ Filmmaker Mode ಎಂಬ ಸೆಟ್ಟಿಂಗನ್ನು ಪ್ರಕಟಿಸಿತು. ಮಾರ್ಟಿನ್ ಸ್ಕೋರ್ಸೆಸಿ, ಕ್ರಿಸ್ಟಫರ್ ನೋಲನ್ ಮೊದಲಾದ ನಿರ್ದೇಶಕರು ಅದರ ಬೆನ್ನಿಗೆ ನಿಂತರು. ಆ ಮೋಡ್ ಹಾಕಿದರೆ ಟಿವಿ ಚಲನೆಯನ್ನು ನಯಗೊಳಿಸುವುದು, ಅಂಚು ತಿದ್ದುವುದು, ನಾಯ್ಸ್ ಉಜ್ಜುವುದು ಎಲ್ಲವನ್ನೂ ನಿಲ್ಲಿಸಬೇಕು. ನಿಮ್ಮ ಟಿವಿಯಲ್ಲಿ ಅದಿದ್ದರೆ ಅಲ್ಲಿಂದಲೇ ಶುರುಮಾಡಿ. ಇಲ್ಲದಿದ್ದರೆ Cinema ಅಥವಾ Movie ಆರಿಸಿಕೊಳ್ಳಿ. Vivid, Dynamic ಎಂಬವು ಅಂಚನ್ನು ಏರಿಸಿಡುವ ಮೋಡ್‌ಗಳು.

ಆಮೇಲೆ ಮೊದಲು ಮುಟ್ಟಬೇಕಾದದ್ದು ನಾಯ್ಸ್ ರಿಡಕ್ಷನ್. Noise Reduction, MPEG Noise Reduction, Digital Clean View ಹೀಗೆ ಹೆಸರು ಯಾವುದೇ ಇರಲಿ, Off ಮಾಡಿ. ಅದು ಮಸುಕು ಮಾಡುತ್ತಿರುವಾಗ ಶಾರ್ಪ್‌ನೆಸ್ಸಿನ ಸರಿಯಾದ ಜಾಗ ಗೊತ್ತಾಗುವುದಿಲ್ಲ, ಅದಕ್ಕೇ ಈ ಕ್ರಮ. Super Resolution, Edge Enhancer, Reality Creation ಎಂಬಂಥವು ಬೇರೆ ಹೆಸರಿನಲ್ಲಿ ಅಂಚು ತಿದ್ದುವ ಕೆಲಸವನ್ನೇ ಮಾಡಬಲ್ಲವು, ಅವನ್ನೂ ಆಗಲೇ ನಿಲ್ಲಿಸಿ. ಕೊನೆಗೆ ಶಾರ್ಪ್‌ನೆಸ್.

ಇಲ್ಲಿ ಎಡವುವವರು ಬಹಳ. ಎಲ್ಲ ಟಿವಿಯಲ್ಲೂ 0 ಅಂದರೆ ‘ಏನೂ ಮಾಡದಿರುವುದು’ ಅಲ್ಲ. ಕೆಲವದರಲ್ಲಿ 0 ಸರಿಯಾದ ಜಾಗ. ಸೋನಿಯ ಹಲವು ಮಾದರಿಗಳಲ್ಲಿ ಅದು 50, ಅದಕ್ಕಿಂತ ಇಳಿಸಿದರೆ ಟಿವಿ ಚಿತ್ರವನ್ನು ಮಸುಕು ಮಾಡಲು ಶುರುಮಾಡುತ್ತದೆ. ನಿಮ್ಮ ಟಿವಿಯ ಜಾಗವನ್ನು ನೀವೇ ಹುಡುಕಿಕೊಳ್ಳಬಹುದು. ನಿಮ್ಮ ಟಿವಿಯ ಅಳತೆಯದೇ, ಅಂದರೆ 4ಕೆ ಟಿವಿಗೆ 3840×2160 ಗಾತ್ರದ, ಬೂದು ಬಣ್ಣದ ಚಿತ್ರವೊಂದರ ಮೇಲೆ ಸಣ್ಣ ಕಪ್ಪು ಗೆರೆಗಳನ್ನು ಎಳೆದು, ಲ್ಯಾಪ್‌ಟಾಪಿನಿಂದ ಎಚ್‌ಡಿಎಂಐ ಮೂಲಕ ತೋರಿಸಿ. ಲ್ಯಾಪ್‌ಟಾಪೂ ಅದೇ ಅಳತೆಯಲ್ಲಿ ಕಳಿಸುತ್ತಿರಬೇಕು. ಟಿವಿಯ ಸ್ವಂತ ಮೆನುವಿನ ಅಕ್ಷರ ನೋಡಿ ಹೊಂದಿಸಬೇಡಿ. ಅದು ಸಾಮಾನ್ಯವಾಗಿ ಈ ಸಂಸ್ಕರಣೆ ಮುಗಿದ ಮೇಲೆ ಪರದೆಗೆ ಬರುವುದರಿಂದ ಏನೂ ಬದಲಾಗುವುದಿಲ್ಲ. ಗುಂಡಿಯನ್ನು ಪೂರ್ತಿ ಏರಿಸಿದರೆ ಕಪ್ಪು ಗೆರೆಯ ಎರಡೂ ಬದಿಗೆ ಬೂದಿಗಿಂತ ಬಿಳಿಯಾದ ಗೆರೆ ಕಾಣುತ್ತದೆ. ಇಳಿಸುತ್ತಾ ಬಂದಾಗ ಅದು ಮಾಯವಾಗುತ್ತದೆ. ಇನ್ನೂ ಇಳಿಸಿದರೆ ಕಪ್ಪು ಗೆರೆಯೇ ಬೂದಿಗೆ ತಿರುಗಿ ದಪ್ಪವಾಗತೊಡಗುತ್ತದೆ. ಈ ಎರಡರ ನಡುವಿನ ಅಂಕಿ ನಿಮ್ಮದು.

ಹೊಂದಿಸಿದ ಮೊದಲ ಸಂಜೆ ಚಿತ್ರ ಮೆತ್ತಗಾದಂತೆ ಅನಿಸಿಯೇ ಅನಿಸುತ್ತದೆ. ಕಡು ಅಂಚಿಗೆ ಹೊಂದಿಕೊಂಡ ಕಣ್ಣಿಗೆ ಕೆಲವು ದಿನ ಬೇಕು. ಆಗಲೇ ಹಳೆಯ ಅಂಕಿಗೆ ಹಿಂತಿರುಗದೆ, ಒಂದು ಮುಖ, ಒಂದು ಸೀರೆ, ಒಂದು ಮರವನ್ನು ಗಮನವಿಟ್ಟು ನೋಡಿ. ಕೆಲವು ದಿನ ಕಳೆದ ಮೇಲೆ ಹಳೆಯ ಅಂಕಿ ಹಾಕಿ ನೋಡಿದರೆ ಮೊದಲು ಕಾಣದಿದ್ದ ಬಿಳಿ ಗೆರೆಗಳು ಎಲ್ಲೆಲ್ಲೂ ಕಾಣುತ್ತವೆ.

ಎಲ್ಲಕ್ಕೂ ಇದೇ ನಿಯಮ ಅನ್ವಯಿಸುವುದಿಲ್ಲ. ಸೆಟ್‌ಟಾಪ್ ಬಾಕ್ಸಿನಲ್ಲಿ ಬರುವ ಎಸ್‌ಡಿ ವಾಹಿನಿಯಲ್ಲಿ ಒಂದು ಸಾಲಿಗೆ ಹೆಚ್ಚೆಂದರೆ 720 ಪಿಕ್ಸೆಲ್. ಅದನ್ನು 3840ಕ್ಕೆ ಹಿಗ್ಗಿಸುವಾಗ ಮೂಲದ ಒಂದು ಪಿಕ್ಸೆಲ್ ಪರದೆಯಲ್ಲಿ ಐದಕ್ಕೂ ಹೆಚ್ಚು ಪಿಕ್ಸೆಲ್ ಅಗಲವಾಗುತ್ತದೆ. 43 ಇಂಚಿನ ಟಿವಿಯಲ್ಲಿ ಸುಮಾರು 1.3 ಮಿಲಿಮೀಟರ್. ಕಂಪ್ರೆಶನ್ನಿನ ಚೌಕಗಳೂ, ಅಕ್ಷರಗಳ ಸುತ್ತ ಸೊಳ್ಳೆಯಂತೆ ಗುಂಯ್‌ಗುಡುವ ಚುಕ್ಕಿಗಳೂ ಅದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ಅಂಥಲ್ಲಿ ಉಳಿಸಿಕೊಳ್ಳಬೇಕಾದ ಸೂಕ್ಷ್ಮ ವಿವರವೇ ಅಷ್ಟಾಗಿ ಇಲ್ಲದ್ದರಿಂದ MPEG Noise Reduction ಅನ್ನು Low ಇಡುವುದರಲ್ಲಿ ತಪ್ಪಿಲ್ಲ. ಶಾರ್ಪ್‌ನೆಸ್ ಏರಿಸುವುದು ಮಾತ್ರ ಅಲ್ಲಿ ಇನ್ನೂ ಕೆಟ್ಟದ್ದು, ಏಕೆಂದರೆ ಹಾಲೋ ಕೂಡ ಅಷ್ಟೇ ಅಗಲವಾಗಿ, ಸೋಫಾದಲ್ಲಿ ಕೂತವರಿಗೂ ಕಾಣುತ್ತದೆ.

ಗುಂಡಿ ಸರಿಯಾದ ಜಾಗಕ್ಕೆ ಬಂದ ಮೇಲೂ ಕೆಲವು ವಾಹಿನಿಗಳಲ್ಲಿ, ಹಳೆಯ ಡಿವಿಡಿಗಳಲ್ಲಿ ಅಂಚಿನ ಗೆರೆ ಉಳಿದಿರುತ್ತದೆ. ಅದು ಮೂಲದಲ್ಲೇ ಬೆರೆತುಹೋದದ್ದು, ಟಿವಿಯಿಂದ ತೆಗೆಯಲಾಗದು. ಅದನ್ನು ಮರೆಮಾಡಲು ಶಾರ್ಪ್‌ನೆಸ್ಸನ್ನು ಇನ್ನಷ್ಟು ಇಳಿಸಿದರೆ ಉಳಿದ ಒಳ್ಳೆಯ ಚಿತ್ರಗಳೂ ಮಸುಕಾಗುತ್ತವೆ. ಹಲವು ಟಿವಿಗಳು ಪ್ರತಿ ಎಚ್‌ಡಿಎಂಐ ಕಿಂಡಿಗೂ, ಒಳಗಿನ ಆ್ಯಪ್‌ಗಳಿಗೂ, ಎಚ್‌ಡಿಆರ್ ಚಿತ್ರಕ್ಕೂ ಬೇರೆ ಬೇರೆ ಸೆಟ್ಟಿಂಗ್ ಇಟ್ಟುಕೊಳ್ಳುತ್ತವೆ. ಹಾಗಾಗಿ ಸೆಟ್‌ಟಾಪ್ ಬಾಕ್ಸಿನಲ್ಲಿ ಮಾಡಿದ ಬದಲಾವಣೆ ಆ್ಯಪ್‌ನಲ್ಲಿ ನೋಡುವ ಸಿನಿಮಾಕ್ಕೆ ತಾಗಿರಲಿಕ್ಕಿಲ್ಲ. ಎಚ್‌ಡಿಆರ್ ಸಿನಿಮಾ ಒಂದನ್ನು ಹಾಕಿ, ಅದು ಓಡುತ್ತಿರುವಾಗಲೇ ಮೆನು ತೆರೆದು ಇನ್ನೊಮ್ಮೆ ನೋಡಬೇಕಾಗುತ್ತದೆ.